ಒಂದೊಂದು ಸ್ಲೈಡೂ ಒಂಟಿಯಾಗಿ ನಿಲ್ಲಬೇಕು: ಕುದಿಸಿದ ನೀರು, ಫ್ಲೋರೈಡ್ ಮತ್ತು ಏಳು ಸ್ಲೈಡ್

ಭಾಗ 1/7

ಭಾನುವಾರದ "ಮಿಥ್ – ಫ್ಯಾಕ್ಟ್" ಪೋಸ್ಟ್ ನೋಡಿದವರಲ್ಲಿ ಕೆಲವರು, ಅದರಲ್ಲೂ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಶಿಕ್ಷಕ ಗೆಳೆಯರು, ಒಂದೇ ಮಾತು ಕೇಳ್ತಾ ಇದ್ದಾರೆ. "ನಾವೂ ನಮ್ಮೂರಿನ ಬಗ್ಗೆ ಇಂಥದ್ದು ಮಾಡಬೇಕಂತೀವಿ. ಎಲ್ಲಿಂದ ಶುರು ಮಾಡೋದು?" ಈ ಏಳು ಭಾಗಗಳಲ್ಲಿ ಒಂದೇ ಒಂದು ಕ್ಯಾರೊಸೆಲ್ಲನ್ನು ಬಿಚ್ಚಿ ತೋರಿಸ್ತೀನಿ. ವಿಷಯ ನಮ್ಮ ಜಿಲ್ಲೆಯದೇ: "ನೀರು ಕುದಿಸಿ ಕುಡಿದರೆ ಫ್ಲೋರೈಡ್ ಹೋಗುತ್ತದೆ" ಅನ್ನೋ ನಂಬಿಕೆ.

ಸಾಮಾನ್ಯವಾಗಿ ಇಂಥ ಕ್ಯಾರೊಸೆಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲ ಸ್ಲೈಡಿನಲ್ಲಿ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ ಮಿಥ್. ಎರಡನೆಯದರಲ್ಲಿ ಹಸಿರು ಟಿಕ್ ಹಾಕಿ ಫ್ಯಾಕ್ಟ್. ಮೂರು, ನಾಲ್ಕರಲ್ಲಿ ಪುರಾವೆ. ಕೊನೆಗೆ "ಸೇವ್ ಮಾಡಿ, ಶೇರ್ ಮಾಡಿ". ನೋಡೋಕೆ ಅಚ್ಚುಕಟ್ಟು. ಆದರೆ ಇದರ ಹಿಂದೆ ಒಂದು ಊಹೆ ಇದೆ: ಓದುವವರು ಒಂದರಿಂದ ಕೊನೆಯವರೆಗೂ ವರಸೆಯಾಗಿ ಸ್ವೈಪ್ ಮಾಡ್ತಾರೆ ಅಂತ.

ಹಾಗೆ ಆಗೋದಿಲ್ಲ. ಬಹಳ ಮಂದಿ ಮೊದಲ ಸ್ಲೈಡ್ ನೋಡಿ ಮೇಲಕ್ಕೆ ತಳ್ಳಿಬಿಡ್ತಾರೆ. ಅಂಥವರಿಗೆ ಇನ್‌ಸ್ಟಾಗ್ರಾಮ್ ಕೆಲವು ಸಲ ಅದೇ ಪೋಸ್ಟನ್ನು ಎರಡನೆಯ ಸ್ಲೈಡಿನಿಂದ ಮತ್ತೆ ತೋರಿಸುತ್ತದೆ. ಇನ್ನು ಕೆಲವರು ತಮಗೆ ಬೇಕಾದ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಅಲ್ಲಿಗೆ ಕ್ಯಾರೊಸೆಲ್ ಅನ್ನೋದೇ ಮುಗೀತು, ಹೊಲಿಗೆ ಬಿಚ್ಚಿದ ಪುಸ್ತಕದ ಹಾಳೆಗಳಂತೆ ಸ್ಲೈಡುಗಳು ಬಿಡಿಬಿಡಿಯಾಗಿ ಓಡಾಡ್ತವೆ. ಬಿಡಿಯಾಗಿ ಹೋದ ಹಾಳೆ ಆ ಮಿಥ್ ಇರೋ ಹಾಳೆಯೇ ಆದರೆ, ನಾವೇ ಸುಳ್ಳನ್ನು ಚಂದದ ಅಕ್ಷರದಲ್ಲಿ ಅಚ್ಚು ಹಾಕಿ ಹಂಚಿದಂತೆ.

ಆದ್ದರಿಂದ ನನ್ನ ನಿಯಮ ಒಂದೇ. ಯಾವ ಸ್ಲೈಡನ್ನು ಹರಿದು ಒಂಟಿಯಾಗಿ ಇಟ್ಟರೂ ಅದು ನಿಜವನ್ನೇ ಹೇಳಬೇಕು. ಮುಂದಿನದೆಲ್ಲ ಇದರ ವಿವರ.

ಭಾಗ 2/7

ಮೊದಲು, ಈ ನಂಬಿಕೆಯನ್ನೇ ಯಾಕೆ ಆರಿಸಿಕೊಂಡೆ ಅನ್ನೋದು.

ನಾನು ಬೆಟಗೇರಿಯವನು, ಮುಂಡರಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸ್ತೀನಿ. ಆ ತಾಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಾಗಗಳಿವೆ ಅನ್ನೋದು ಹೊಸ ಸುದ್ದಿಯಲ್ಲ. ನೆಲದಡಿಯ ಕೆಲವು ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಆಳದ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಅದು ನಿಧಾನಕ್ಕೆ ಕರಗಿ ನೀರಿಗೆ ಸೇರುತ್ತದೆ. ಬೋರು ಆಳಕ್ಕೆ ಹೋದಂತೆ ಅಂಥ ಹಳೆಯ ನೀರು ಮೇಲೆ ಬರುವ ಸಾಧ್ಯತೆಯೂ ಹೆಚ್ಚು.

ನಮ್ಮ ಶಾಲೆಯಲ್ಲಿ ನಗುವಾಗ ಕೈ ಅಡ್ಡ ಹಿಡಿಯೋ ಮಕ್ಕಳಿದ್ದಾರೆ. ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಕೆಲವರಿಗೆ ಕಂದು ಪಟ್ಟೆ. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು, "ನಾವು ದಿನಾ ನೀರು ಕುದಿಸೇ ಕೊಡ್ತೀವ್ರಿ ಸರ್. ಬ್ಯಾಸಿಗ್ಯಾಗೂ ಬಿಟ್ಟಿಲ್ಲ. ಆದ್ರೂ ಹಲ್ಲು ಹಿಂಗ್ಯಾಕ ಆಗ್ಯಾವು?"

ಆ ಪ್ರಶ್ನೆಯಲ್ಲಿ ಎಲ್ಲ ಇದೆ. ಆ ಮನೆಯವರು ಅಲಕ್ಷ್ಯ ಮಾಡಿದವರಲ್ಲ. ಗ್ಯಾಸು ಸುಟ್ಟು, ಸಮಯ ಕೊಟ್ಟು, ಮಗುವಿಗೆ ಒಳ್ಳೆಯದನ್ನೇ ಮಾಡ್ತಿದ್ದೀವಿ ಅಂತ ನಂಬಿದವರು. ನಾವು ಕುದಿಸ್ತೀವಲ್ಲ ಅನ್ನೋ ಧೈರ್ಯದಿಂದಲೇ ಬೇರೆ ನೀರು ಹುಡುಕೋ ಯೋಚನೆ ಮುಂದಕ್ಕೆ ಹೋಗಿರುತ್ತದೆ. ಅಷ್ಟರಲ್ಲಿ ಮಗುವಿನ ವಯಸ್ಸು ದಾಟುತ್ತದೆ. ಕಾಯಂ ಹಲ್ಲಿನ ಹೊರಪದರ ಒಸಡಿನೊಳಗೆ ತಯಾರಾಗೋದು ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಆ ಕಾಲದಲ್ಲಿ ಫ್ಲೋರೈಡ್ ಅತಿಯಾದರೆ ಬೀಳೋ ಗುರುತು ಆಮೇಲೆ ನೀರು ಬದಲಿಸಿದರೂ ಹೋಗೋದಿಲ್ಲ, ಉಜ್ಜಿದರೂ ಹೋಗೋದಿಲ್ಲ.

ಮಿಥ್ ಆರಿಸುವಾಗ ನಾನು ನೋಡೋದು ಇದನ್ನೇ: ಈ ನಂಬಿಕೆಯಿಂದ ಯಾರು ಯಾವ ಕೆಲಸವನ್ನು ಮಾಡದೇ ಉಳೀತಾರೆ? ಉತ್ತರ ಸಿಗದಿದ್ದರೆ ಆ ವಿಷಯಕ್ಕೆ ಏಳು ಸ್ಲೈಡ್ ಬೇಡ, ಒಂದು ಸ್ಟೋರಿ ಸಾಕು.

ಭಾಗ 3/7

ಮೊದಲ ಸ್ಲೈಡ್.

ಇಲ್ಲಿ ನಾನು ಮಿಥ್ ಹಾಕೋದಿಲ್ಲ, ಸರಿಯಾದ ಮಾತನ್ನೇ ಹಾಕ್ತೀನಿ. ಇದಕ್ಕೆ ಕಾರಣ ನೆನಪಿನ ಗುಣ. 2005ರಲ್ಲಿ ಪ್ರಕಟವಾದ ಸ್ಕರ್ನಿಕ್ ಮತ್ತು ಜೊತೆಗಾರರ ಒಂದು ಅಧ್ಯಯನದಲ್ಲಿ, "ಇದು ಸುಳ್ಳು" ಅಂತ ಮತ್ತೆ ಮತ್ತೆ ಹೇಳಿಸಿಕೊಂಡ ಹಿರಿಯರು ಮೂರು ದಿನ ಕಳೆದ ಮೇಲೆ ಅದೇ ಮಾತನ್ನು ನಿಜ ಅಂತ ನೆನಪಿಸಿಕೊಳ್ಳೋದು ಹೆಚ್ಚಾಗಿತ್ತು. ಮಾತು ಪರಿಚಿತ ಅನಿಸುತ್ತದೆ, ಅದರ ಜೊತೆಗಿದ್ದ "ಸುಳ್ಳು" ಅನ್ನೋ ಚೀಟಿ ಮಾತ್ರ ಉದುರಿಹೋಗಿರುತ್ತದೆ. ಆಮೇಲಿನ ಸಂಶೋಧನೆಗಳು ಇಂಥ ತಿರುಗುಬಾಣ ನಾವು ಹೆದರಿದಷ್ಟು ಸಾಮಾನ್ಯವಲ್ಲ ಅಂತ ತೋರಿಸಿವೆ. ಹಾಗಾಗಿ ಮಿಥ್ ಅನ್ನೋ ಪದಕ್ಕೇ ಅಂಜಬೇಕಿಲ್ಲ. ಹಲವು ದೇಶಗಳ ಸಂಶೋಧಕರು ಸೇರಿ 2020ರಲ್ಲಿ ತಂದ "ಡಿಬಂಕಿಂಗ್ ಹ್ಯಾಂಡ್‌ಬುಕ್" ಹೇಳೋ ಕ್ರಮ ಸರಳ: ಮೊದಲು ನಿಜ, ಆಮೇಲೆ ಎಚ್ಚರಿಕೆ ಕೊಟ್ಟು ಒಂದೇ ಸಲ ಮಿಥ್, ಅದು ಎಲ್ಲಿ ತಪ್ಪಿದೆ ಅನ್ನೋದು, ಕೊನೆಗೆ ಮತ್ತೆ ನಿಜ.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ "ಇಲ್ಲ" ಅನ್ನೋದು ವಾಕ್ಯದ ತುದಿಗೆ ಬರುತ್ತದೆ. "ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ" ಅಂತ ದೊಡ್ಡ ಅಕ್ಷರದಲ್ಲಿ ಹಾಕಿದರೆ, ಕೊನೆಯ ಪದ ಕೆಳಗಿನ ಸಾಲಿಗೆ ಇಳಿಯುತ್ತದೆ. ಬೆರಳು ಸರಿಸ್ತಾ ಓದೋ ಕಣ್ಣಿಗೆ ಮೇಲಿನ ಸಾಲಷ್ಟೇ ಸಿಗುತ್ತದೆ.

ಅದಕ್ಕೇ ನಾನು ಎರಡು ಬಗೆ ಬರೆದು ಪಕ್ಕದ ಮನೆಯ ಕಾಕುಗೆ ತೋರಿಸ್ತೀನಿ. ಐದು ಸೆಕೆಂಡ್ ತೋರಿಸೋದು, ಫೋನ್ ತಿರುವಿ ಇಡೋದು, ಏನು ಬರೆದಿತ್ತು ಅಂತ ಕೇಳೋದು. ಮೇಲಿನ ವಾಕ್ಯ ಓದಿ ಕಾಕು ಅಂದರು, "ಕುದಿಸಿದ ನೀರು ಚೊಲೊ ಅಂತ ಬರದೀಯಲ್ಲೋ ತಮ್ಮಾ."

"ಹೋಗೂದಿಲ್ಲ ಅಂತ ಐತ್ರಿ ಕಾಕು."

"ಹೌದೇನು? ಕೆಳಗ ಇತ್ತೇನು ಅದು? ನಾ ನೋಡಲಿಲ್ಲ."

ಎರಡನೆಯದು ಹೀಗಿತ್ತು: "ಕುದಿಸಿದರೆ ಆವಿಯಾಗೋದು ನೀರು. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ." ಇದನ್ನು ಓದಿ ಅವರು, "ಫ್ಲೋರೈಡ್ ಬೋಗಾಣ್ಯಾಗ ಉಳೀತೈತಿ ಅಂತ" ಅಂದರು. ಮೊದಲ ಸ್ಲೈಡಿಗೆ ಇದೇ ಹೋಯಿತು. ಒಬ್ಬರ ಮಾತು ಸಂಶೋಧನೆ ಅಲ್ಲ, ಆದರೆ ಹಾದಿ ತಪ್ಪೋ ತಲೆಬರಹವನ್ನು ಹಿಡಿಯೋಕೆ ಅಷ್ಟು ಸಾಕು. ಆಗೋದನ್ನು ಹೇಳಿ, ಆಗದೇ ಇರೋದನ್ನಲ್ಲ.

ಭಾಗ 4/7

ಎರಡನೆಯ ಮತ್ತು ಮೂರನೆಯ ಸ್ಲೈಡ್.

ಮಿಥ್ ಬರೋದು ಎರಡನೆಯದರಲ್ಲಿ. ಸಣ್ಣ ಅಕ್ಷರದಲ್ಲಿ, "ಕೆಲವರು ಹೀಗಂತಾರೆ, ಇದು ತಪ್ಪು:" ಅನ್ನೋ ಮಾತಿನ ನಂತರ. ಅದೇ ಸ್ಲೈಡಿನ ಕೆಳಭಾಗದಲ್ಲಿ ದೊಡ್ಡದಾಗಿ ಸರಿಯಾದ ಮಾತು ಮತ್ತೊಮ್ಮೆ. ಮಿಥ್ ಇರೋ ಸ್ಲೈಡಿನಲ್ಲೇ ಉತ್ತರವೂ ಇದ್ದರೆ, ಸ್ಕ್ರೀನ್‌ಶಾಟ್ ಎಲ್ಲಿಗೆ ಹೋದರೂ ಎರಡೂ ಜೋಡಿಯಾಗಿಯೇ ಹೋಗ್ತವೆ. ಮಿಥ್ ಮೇಲೆ ಕೆಂಪು ಗೆರೆ ಎಳೆದರೆ ಸಾಕು ಅಂತ ಕೆಲವರು ತಿಳಿಯುತ್ತಾರೆ. ವಾಟ್ಸಾಪಿನಲ್ಲಿ ಎರಡು ಕೈ ದಾಟಿ ಮಸುಕಾದ ಚಿತ್ರದಲ್ಲಿ ಆ ಗೆರೆ ಅಡಿಗೆರೆಯಂತೆ ಕಾಣುತ್ತದೆ, ಒತ್ತಿ ಹೇಳಿದಂಗೆ!

ಮೂರನೆಯ ಸ್ಲೈಡ್, ನನ್ನ ಲೆಕ್ಕದಲ್ಲಿ, ಇಡೀ ಕ್ಯಾರೊಸೆಲ್ಲಿನ ಬೆನ್ನುಮೂಳೆ. ಈ ನಂಬಿಕೆ ಯಾಕೆ ನಿಜ ಅನಿಸುತ್ತದೆ ಅನ್ನೋದಕ್ಕೆ ಈ ಸ್ಲೈಡ್ ಮೀಸಲು. ಬಹಳ ಪೋಸ್ಟುಗಳು ಇದನ್ನು ಬಿಟ್ಟುಬಿಡ್ತವೆ. "ತಪ್ಪು" ಅಂದು ಮುಂದೆ ಹೋಗ್ತವೆ. ಆಗ ಓದಿದವರ ಮನಸ್ಸಿನಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಆ ಜಾಗಕ್ಕೆ ಹಳೆಯ ನಂಬಿಕೆಯೇ ಬಂದು ಕೂರುತ್ತದೆ.

ನಮ್ಮ ಕಡೆ ಬೋರಿನ ನೀರು ಕುದಿಸಿದವರು ಎಲ್ಲರೂ ಕಂಡ ಒಂದು ಸಂಗತಿ ಇದೆ: ಪಾತ್ರೆಯ ತಳಕ್ಕೆ ಕಟ್ಟೋ ಬಿಳಿ ಪದರ. "ನೀರಿನೊಳಗಿನ ಕೆಟ್ಟದ್ದೆಲ್ಲ ತಳಕ್ಕೆ ಕೂತಿತು, ಮೇಲಿನ ನೀರು ಶುದ್ಧ ಆಯ್ತು" ಅಂತ ಕಣ್ಣಾರೆ ನೋಡಿದವರು ಅಂದುಕೊಳ್ಳೋದು ಸಹಜ. ಅವರು ನೋಡಿದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಹೆಸರು ತಪ್ಪು. ಆ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಅಂದರೆ ನೀರನ್ನು ಗಡಸು ಮಾಡೋ ಸುಣ್ಣದಂಥ ಅಂಶ. ಕಾಯಿಸಿದಾಗ ಅದರ ಒಂದು ಭಾಗ ಕರಗಿದ ಸ್ಥಿತಿ ಬಿಟ್ಟು ತಳಕ್ಕೆ ಅಂಟುತ್ತದೆ. ಅದರ ಜೊತೆ ಒಂದಿಷ್ಟು ಫ್ಲೋರೈಡೂ ಸಿಕ್ಕಿಕೊಂಡಿರಬಹುದು, ಆದರೆ ಮಗುವಿನ ಲೋಟವನ್ನು ಅದರ ಮೇಲೆ ಭಾರ ಹಾಕಿ ಕೊಡುವಷ್ಟಲ್ಲ. ಉಳಿದ ಫ್ಲೋರೈಡ್ ನೀರಿನಲ್ಲೇ ಕರಗಿಕೊಂಡಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುಡಿಯೋ ನೀರಿನಲ್ಲಿ ಸಿಗೋ ಪ್ರಮಾಣದಲ್ಲಿ ರುಚಿಯೂ ಇಲ್ಲ.

ಈ ಸ್ಲೈಡಿಗೆ ಚಿತ್ರವಾಗಿ ನಮ್ಮ ಮನೆಯ ಬೋಗಾಣಿಯ ಫೋಟೋನೇ ಹಾಕಿದೆ, ತಳದ ಬಿಳಿ ಪದರ ಕಾಣೋ ಹಾಗೆ. ನೆಟ್ಟಿನಿಂದ ಎಲ್ಲಿಯದೋ ಸೊಟ್ಟ ಕಾಲಿನ ರೋಗಿಯ ಚಿತ್ರ ತಂದು ಹೆದರಿಸೋದು ಬೇಡ. ಅಂಥ ಚಿತ್ರ ನೋಡಿದವರು "ನಮ್ಮನೇಲಿ ಯಾರಿಗೂ ಹೀಗಾಗಿಲ್ಲ" ಅಂತ ಮುಂದೆ ಸರಿಸಿಬಿಡ್ತಾರೆ. ತಮ್ಮ ಮನೆಯದೇ ಪಾತ್ರೆ ಕಂಡರೆ ಬೆರಳು ನಿಲ್ಲುತ್ತದೆ.

ಭಾಗ 5/7

ನಾಲ್ಕನೆಯ ಸ್ಲೈಡ್: ಲೆಕ್ಕದ ಪುರಾವೆ.

ಪುರಾವೆ ಅಂದರೆ "ವಿಜ್ಞಾನಿಗಳು ಹೇಳ್ತಾರೆ" ಅಂತ ಬರೆಯೋದಲ್ಲ. ಓದಿದವರು ತಾವೇ ಒಂದು ಹೆಜ್ಜೆ ಹಾಕಿ ನೋಡುವಂತಿರಬೇಕು. ಇಲ್ಲಿ ಐದನೇ ತರಗತಿಯ ಭಾಗಾಕಾರ ಸಾಕು.

ಒಂದು ಉದಾಹರಣೆ ತಗೊಳ್ರಿ. ಐದು ಲೀಟರ್ ನೀರಿದೆ, ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್. ಪಾತ್ರೆಯಲ್ಲಿ ಒಟ್ಟು 10 ಮಿಲಿಗ್ರಾಂ. ಚೆನ್ನಾಗಿ ಕುದಿಸಿದಿರಿ, ಒಂದು ಲೀಟರ್ ಆವಿಯಾಗಿ ಹೋಯಿತು. ಉಳಿದದ್ದು ನಾಲ್ಕು ಲೀಟರ್. ಫ್ಲೋರೈಡ್ ಅಷ್ಟೇ ಇದೆ, 10 ಮಿಲಿಗ್ರಾಂ. ಈಗ ಲೀಟರಿಗೆ ಎಷ್ಟು? 2.5 ಮಿಲಿಗ್ರಾಂ. ಲೋಟದಲ್ಲಿ ಫ್ಲೋರೈಡ್ ಹೆಚ್ಚಾಯಿತು.

ಸ್ಲೈಡಿನಲ್ಲಿ ಎರಡು ಪಾತ್ರೆ ಬರೆದೆ, ಒಂದರಲ್ಲಿ ನೀರು ಮೇಲಿನವರೆಗೆ, ಇನ್ನೊಂದರಲ್ಲಿ ಸ್ವಲ್ಪ ಕೆಳಗೆ. ಎರಡರಲ್ಲೂ ಹತ್ತು ಚುಕ್ಕೆ. ಅಷ್ಟೇ. ಓದು ಬಾರದ ಅಜ್ಜಿಗೂ ಮೊಮ್ಮಗಳು ತೋರಿಸಿದರೆ ತಿಳೀತದೆ.

ಇಲ್ಲಿ ಒಂದು ಎಚ್ಚರಿಕೆ. ಚಿತ್ರದ ಮೂಲೆಯಲ್ಲಿ "ಇದು ಲೆಕ್ಕಕ್ಕೆ ತೆಗೆದುಕೊಂಡ ಉದಾಹರಣೆ, ಯಾವ ಊರಿನ ನೀರಿನ ಅಳತೆಯೂ ಅಲ್ಲ" ಅಂತ ಬರೆಯಲೇಬೇಕು. ಬರೆಯದಿದ್ದರೆ ನಾಳೆ "ಮುಂಡರಗಿ ನೀರಿನಲ್ಲಿ 2.5 ಅಂತೆ" ಅನ್ನೋ ಹೊಸ ಸುದ್ದಿ ಹುಟ್ಟುತ್ತದೆ. ಒಂದು ಮಿಥ್ ಒಡೆಯೋಕೆ ಹೋಗಿ ಇನ್ನೊಂದಕ್ಕೆ ನಾವೇ ತೊಟ್ಟಿಲು ಕಟ್ಟಿದ ಹಾಗಾಗುತ್ತದೆ. ಒಂದೇ ಊರಿನ ಎರಡು ಬೋರುಗಳಲ್ಲೂ ಅಂಕಿ ಬೇರೆ ಬೇರೆ ಬರಬಹುದು. ಹಾಗಾಗಿ ಪರೀಕ್ಷೆಯ ವರದಿ ಕೈಯಲ್ಲಿ ಇಲ್ಲದೆ ನಾನು ಯಾವ ಊರಿನ ಹೆಸರನ್ನೂ ಸ್ಲೈಡಿನಲ್ಲಿ ಹಾಕೋದಿಲ್ಲ.

ಹೋಲಿಕೆಗೆ ಒಂದು ಗೆರೆ ಬೇಕಲ್ಲ? ಅದಕ್ಕೆ ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಇದೆ, ಐಎಸ್ 10500, 2012ರದ್ದು. ಅದರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1.5. ಈ ಎರಡು ಅಂಕಿ, ಮಾನದಂಡದ ಹೆಸರು, ವರ್ಷ, ಇಷ್ಟನ್ನು ಅದೇ ಸ್ಲೈಡಿನ ಕೆಳಗೆ ಹಾಕ್ತೀನಿ. ಮೂಲಗಳನ್ನೆಲ್ಲ ಕೊನೆಯ ಸ್ಲೈಡಿಗೆ ತಳ್ಳಿದರೆ, ಹರಿದು ಹೋದ ಹಾಳೆಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ.

ಭಾಗ 6/7

ಐದನೆಯ ಸ್ಲೈಡ್: ಮನೆಯಲ್ಲೇ ಮಾಡೋ ಪುರಾವೆ.

"ಲೆಕ್ಕ ಸರಿ ಸರ್, ಆದರೆ ಫ್ಲೋರೈಡ್ ಆವಿ ಜೊತೆ ಹೋಗೋದಿಲ್ಲ ಅಂತ ಹೆಂಗ ನಂಬೋದು?" ಇದು ಒಳ್ಳೆಯ ಪ್ರಶ್ನೆ. ಫ್ಲೋರೈಡ್ ಕಣ್ಣಿಗೆ ಕಾಣೋದಿಲ್ಲ, ಅದಕ್ಕೆ ಅದರಂತೆ ನಡೆದುಕೊಳ್ಳೋ ಇನ್ನೊಂದನ್ನು ತಗೋತೀವಿ: ಅಡುಗೆ ಉಪ್ಪು.

ಒಂದು ಲೀಟರ್ ಕುಡಿಯೋ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಅದರಲ್ಲಿ ಒಂದೆರಡು ಚಮಚ ಬೇರೆ ಬಟ್ಟಲಿಗೆ ತೆಗೆದಿಡಿ. ಉಳಿದದ್ದನ್ನು ಅರ್ಧ ಆಗೋವರೆಗೆ ಕುದಿಸಿ, ಪೂರ್ತಿ ಆರಲು ಬಿಡಿ. ಈಗ ಎರಡನ್ನೂ ನಾಲಿಗೆಗೆ ತಾಗಿಸಿ ನೋಡಿ. ಕುದಿಸಿದ್ದು ಹೆಚ್ಚು ಉಪ್ಪಾಗಿರುತ್ತದೆ. ನೀರು ಹೋಯಿತು, ಕರಗಿದ್ದು ಉಳಿಯಿತು. ತರಗತಿಯಲ್ಲಿ ಮಾಡಿದಾಗ ಮಕ್ಕಳು "ಸಾರು ಅಟ್ಟಿದ್ರ ಉಪ್ಪಾಗತೈತಲ್ರಿ ಸರ್, ಹಂಗ!" ಅಂದರು. ಅದಕ್ಕಿಂತ ಒಳ್ಳೆಯ ತಲೆಬರಹ ನನಗೆ ಹೊಳೆಯಲಿಲ್ಲ. ಆ ಸ್ಲೈಡಿನ ಮೇಲೆ ಅದನ್ನೇ ಹಾಕಿದೆ.

ಆದರೆ ಈ ಪ್ರಯೋಗ ಎಷ್ಟನ್ನು ತೋರಿಸುತ್ತದೆ ಅನ್ನೋದನ್ನೂ ಅಲ್ಲೇ ಬರೆಯಬೇಕು. ಕುದಿಸೋದರಿಂದ ಕರಗಿದ ಲವಣ ಹೋಗೋದಿಲ್ಲ ಅನ್ನೋದನ್ನು ಇದು ತೋರಿಸುತ್ತದೆ. ನಿಮ್ಮ ಬೋರಿನಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನೋದನ್ನು ಇದು ಹೇಳೋದಿಲ್ಲ. ನೀರು ಉಪ್ಪಾಗಿಲ್ಲ ಅಂದಮಾತ್ರಕ್ಕೆ ಫ್ಲೋರೈಡ್ ಇಲ್ಲ ಅಂತಲೂ ಅಲ್ಲ. ಸವಳು ಇಲ್ಲದ, ಸೋಪು ಚೆನ್ನಾಗಿ ನೊರೆ ಬರೋ ಮೆದು ನೀರಿನಲ್ಲೂ ಫ್ಲೋರೈಡ್ ಹೆಚ್ಚಿರಬಹುದು. ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯೋದು ಸುಲಭ. "ಸಿಹಿ ನೀರು ಅಂದ್ರ ಚೊಲೊ ನೀರು" ಅನ್ನೋದು ಇದರ ತಮ್ಮನಂಥ ಇನ್ನೊಂದು ಮಿಥ್, ಅದಕ್ಕೆ ಬೇರೆ ಕ್ಯಾರೊಸೆಲ್ಲೇ ಬೇಕು.

ನಿಜವಾದ ಅಳತೆಗೆ ಪರೀಕ್ಷೆಯೇ ದಾರಿ. ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಲ್ಲಿ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸೋ ತರಬೇತಿ ಕೊಡೋ ವ್ಯವಸ್ಥೆ ಇದೆ. ಪಂಚಾಯ್ತಿಯಲ್ಲಿ ಕೇಳಿ. ಕಿಟ್‌ನಲ್ಲಿ ನೀರಿಗೆ ದ್ರಾವಣ ಬೆರೆಸಿ ಬರೋ ಬಣ್ಣವನ್ನು ಪಟ್ಟಿಗೆ ಹೋಲಿಸೋದು. ಅದು ಅಂದಾಜು ಹೇಳುತ್ತದೆ. ಮಿತಿಯ ಹತ್ತಿರ ಬಂದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಮಾದರಿ ತರುವಾಗ ಬೋರು ಐದು ನಿಮಿಷ ಓಡಲಿ. ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿ. ಯಾವ ಬೋರು, ಯಾವ ದಿನ ಅಂತ ಬಾಟಲಿ ಮೇಲೆ ಬರೆಯಿರಿ. ದಿನಾಂಕ ಇಲ್ಲದ ಅಂಕಿ ಸ್ಲೈಡಿಗೆ ಹಾಕೋ ಯೋಗ್ಯವಲ್ಲ.

ಭಾಗ 7/7

ಆರನೆಯ ಸ್ಲೈಡ್: ಈಗ ಏನು ಮಾಡೋದು.

ಇಡೀ ಕ್ಯಾರೊಸೆಲ್ಲಿನಲ್ಲಿ ನನಗೆ ಹೆಚ್ಚು ಹೆದರಿಕೆ ಇರೋದು ಇಲ್ಲಿಯೇ. "ಕುದಿಸಿದರೆ ಪ್ರಯೋಜನ ಇಲ್ಲ" ಅನ್ನೋ ಅರ್ಥ ಮನೆಗೆ ಹೋದರೆ, ಜನ ಕುದಿಸೋದನ್ನೇ ಬಿಡ್ತಾರೆ. ಮಳೆಗಾಲದಲ್ಲಿ ಒಡೆದ ಪೈಪಿನ ನೀರು ಹಾಗೇ ಕುಡಿದು ವಾಂತಿಭೇದಿ ಆದರೆ, ಆ ಮನೆಗೆ ನಮ್ಮ ಪೋಸ್ಟೇ ಕೇಡು ತಂದಂತೆ. ಕುದಿಸೋದು ರೋಗಾಣುಗಳಿಗೆ ಒಳ್ಳೆಯ ಉಪಾಯ. ಅದನ್ನು ಒಡೆಯಬಾರದು. ಹಾಗಾಗಿ ಆ ಸ್ಲೈಡನ್ನು ಎರಡು ಭಾಗ ಮಾಡಿದೆ. ಎಡಕ್ಕೆ: "ರೋಗಾಣು ಇದ್ದರೆ ಕುದಿಸಿ." ಬಲಕ್ಕೆ: "ಫ್ಲೋರೈಡ್ ಇದ್ದರೆ ನೀರು ಬದಲಿಸಿ."

ನೀರು ಬದಲಿಸೋದು ಅಂದರೆ ಕುಡಿಯೋಕೆ ಮತ್ತು ಅಡುಗೆಗೆ. ಅನ್ನ, ಬೇಳೆ, ಚಹಾದ ನೀರೂ ಹೊಟ್ಟೆಗೇ ಹೋಗೋದು. ಸ್ನಾನ, ಬಟ್ಟೆ, ಪಾತ್ರೆಗೆ ಬೋರಿನ ನೀರು ನಡೆಯುತ್ತದೆ. ತುಂಗಭದ್ರಾ ನದಿ ನೀರಿನ ನಳ ಇರುವಲ್ಲಿ ಕುಡಿಯೋಕೆ ಅದು. ಇಲ್ಲದ ಕಡೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು. ಆ ಘಟಕಗಳಲ್ಲಿನ ಆರ್‌ಓ ಪೊರೆ ಫ್ಲೋರೈಡನ್ನು ತಡೆಯುತ್ತದೆ, ಆದರೆ ಪೊರೆ ಹಳತಾದರೆ ತಡೆಯೋದು ಕಡಿಮೆಯಾಗುತ್ತದೆ. ಅದಕ್ಕೆ ಘಟಕದಿಂದ ಬರೋ ನೀರನ್ನೂ ಪರೀಕ್ಷೆಗೆ ಕಳಿಸಬೇಕು. ನಾಣ್ಯ ಹಾಕಿದ ಕೂಡಲೇ ನೀರು ಬಂತು ಅನ್ನೋದು ಶುದ್ಧತೆಗೆ ಸಾಕ್ಷಿ ಅಲ್ಲ. ನೀರು ಕೊಡಲು ಮೊದಲು ಲೆಕ್ಕ ಹಾಕಬೇಕಾದ್ದು ಎಂಟು ವರ್ಷದೊಳಗಿನ ಮಕ್ಕಳನ್ನು. ಮನೆಗೆ ಒಂದೇ ಕ್ಯಾನು ತರೋಕೆ ಆಗುತ್ತದೆ ಅಂದರೆ, ಅದು ಅವರಿಗೆ.

ಏಳನೆಯ ಸ್ಲೈಡಿನಲ್ಲಿ ಮತ್ತೆ ಮೊದಲ ಸ್ಲೈಡಿನ ಮಾತೇ, ಜೊತೆಗೆ ಮಾಡಿದ ತಿಂಗಳು ಮತ್ತು ವರ್ಷ. ಹಲ್ಲಿನ ಕಲೆಯೆಲ್ಲ ಫ್ಲೋರೈಡಿನದೇ ಅಲ್ಲ, ದಂತವೈದ್ಯರಿಗೆ ತೋರಿಸಿ ಅಂತ ಒಂದು ಸಾಲು.

ಅಕ್ಷರದ ಬಗ್ಗೆ ಎರಡು ಮಾತು. ಸಾಲುಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದೋಕೆ ಬರೋದಿಲ್ಲ. ಒಂದು ಸ್ಲೈಡಿಗೆ ಇಪ್ಪತ್ತೈದು ಪದ ದಾಟಿದರೆ ಸಣ್ಣ ಫೋನಿನಲ್ಲಿ ಯಾರೂ ಓದೋದಿಲ್ಲ. ಇನ್‌ಸ್ಟಾಗ್ರಾಮ್ 2017ರಲ್ಲಿ ಹತ್ತು ಚಿತ್ರ ಕೊಟ್ಟಿತ್ತು, 2024ರಲ್ಲಿ ಇಪ್ಪತ್ತು ಮಾಡಿತು. ಜಾಗ ಇದೆ ಅಂತ ಎಲ್ಲ ತುಂಬಬೇಕಿಲ್ಲ. ಚಿತ್ರದೊಳಗಿನ ಮಾತನ್ನು ಕ್ಯಾಪ್ಷನ್ನಿನಲ್ಲೂ ಆಲ್ಟ್ ಟೆಕ್ಸ್ಟಿನಲ್ಲೂ ಬರೆಯಿರಿ. ಕಣ್ಣು ಕಾಣದವರ ಫೋನು ಅದನ್ನೇ ಓದಿ ಹೇಳುತ್ತದೆ.

ಪೋಸ್ಟ್ ಹೊರಗೆ ಹೋದ ಮೇಲೆ ಲೈಕ್ ಎಣಿಸಿ ಏನೂ ತಿಳಿಯೋದಿಲ್ಲ. ಒಂದು ವಾರ ಬಿಟ್ಟು ನೋಡಿದ ನಾಲ್ಕು ಮಂದಿಯನ್ನು ಕೇಳಿ: "ಫ್ಲೋರೈಡ್ ನೀರಿಗೆ ಏನು ಮಾಡಬೇಕು? ಹಾಗಾದರೆ ಕುದಿಸೋದು ಬಿಡಬೇಕೇನು?" ಎರಡಕ್ಕೂ ಸರಿಯಾದ ಉತ್ತರ ಬಂದರೆ ಕ್ಯಾರೊಸೆಲ್ ತನ್ನ ಕೆಲಸ ಮಾಡಿದೆ.

ನಿಮ್ಮೂರಿನ ಬೋರಿನ ಪರೀಕ್ಷಾ ವರದಿ ನಿಮ್ಮ ಹತ್ತಿರ ಇದ್ದರೆ, ದಿನಾಂಕದ ಜೊತೆ ಡಿಎಂ ಮಾಡ್ರಿ. ಮುಂದಿನ ಭಾನುವಾರ: "ಸಿಹಿ ನೀರು ಅಂದ್ರ ಚೊಲೊ ನೀರೇನು?"

#ಗದಗ #ಬೆಟಗೇರಿ #ಮುಂಡರಗಿ #ಶಿರಹಟ್ಟಿ #ಲಕ್ಷ್ಮೇಶ್ವರ #ಕುಡಿಯುವನೀರು #ಫ್ಲೋರೈಡ್